ಹಿಮ್ಮಡಿ ಎತ್ತುವ ವ್ಯಾಯಾಮ: ಮೀನಖಂಡ ಬೆಳೆಯುವುದು ಹೇಗೆ?

ಹಾಸ್ಟೆಲಿನ ಪಡಸಾಲೆಯಲ್ಲೋ ಆಟದ ಮೈದಾನದ ಅಂಚಿನಲ್ಲೋ ಈ ದೃಶ್ಯವನ್ನು ನೀವು ನೋಡಿರುತ್ತೀರಿ. ಒಬ್ಬ ಹುಡುಗ ಗೋಡೆಗೆ ಕೈಯಾನಿಸಿ ನಿಂತು, ಎರಡೂ ಹಿಮ್ಮಡಿಗಳನ್ನು ಪಟಪಟನೆ ಎತ್ತಿ ಇಳಿಸುತ್ತಾ, 'ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು' ಎಂದು ಎಣಿಸುತ್ತಿರುತ್ತಾನೆ. ಮೂರು ತಿಂಗಳು ಕಳೆದ ಮೇಲೂ ಅವನ ಕಾಲು ಇದ್ದ ಹಾಗೆಯೇ ಇರುತ್ತದೆ. ಕೇಳಿದರೆ, 'ನಮ್ಮ ತಂದೆಯದೂ ಹೀಗೇ ಕಡ್ಡಿ ಕಾಲು ಸಾರ್, ಇದು ವಂಶದಿಂದ ಬಂದದ್ದು' ಎಂಬ ಉತ್ತರ ಬರುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಮುಂದೆ ನೋಡೋಣ. ಆದರೆ ಹೆಚ್ಚಿನ ವೇಳೆ ತಪ್ಪು ಇರುವುದು ಆ ನೂರು ಎತ್ತುಗಳಲ್ಲಿಯೇ. ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಮುಗಿದುಹೋಗುವ ಈ ಚಲನೆಯನ್ನು ಇಲ್ಲಿ ನಿಧಾನವಾಗಿ ಬಿಡಿಸಿ ನೋಡಬಹುದು.

ಒಂದು ಸ್ನಾಯು ಬೆಳೆಯಬೇಕಾದರೆ ಅದಕ್ಕೆ ದಿನನಿತ್ಯದ ಕೆಲಸಕ್ಕಿಂತ ಹೆಚ್ಚಿನ ಭಾರ ಬೀಳಬೇಕು. ತೋಳಿನ ಮಟ್ಟಿಗೆ ಇದು ಸುಲಭ. ದಿನವಿಡೀ ಪೆನ್ನು, ಪುಸ್ತಕ ಎತ್ತುವ ತೋಳಿಗೆ ಐದು ಕಿಲೋ ಕೊಟ್ಟರೆ ಸಾಕು, ಅದಕ್ಕೆ ಅದು ಹೊಸ ಅನುಭವ. ಮೀನಖಂಡದ ಸಂಗತಿ ಹಾಗಲ್ಲ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕಾಲು ನೆಲ ಬಿಟ್ಟಿರುತ್ತದೆ, ಇನ್ನೊಂದು ಕಾಲಿನ ಮೀನಖಂಡ ಇಡೀ ದೇಹವನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಐವತ್ತು ಕಿಲೋ ತೂಕದ ಹುಡುಗನಾದರೆ, ಆ ಐವತ್ತು ಕಿಲೋ ದಿನಕ್ಕೆ ಸಾವಿರಾರು ಸಲ ಒಂದೊಂದು ಕಾಲಿನ ಮೇಲೆ ಬೀಳುತ್ತದೆ. ಈಗ ಗೋಡೆಯ ಬಳಿ ನಿಂತ ನಮ್ಮ ಹುಡುಗನನ್ನು ನೋಡಿ. ಅವನು ಎರಡೂ ಕಾಲಿನ ಮೇಲೆ ನಿಂತಿದ್ದಾನೆ, ಅಂದರೆ ಒಂದೊಂದು ಕಾಲಿಗೆ ಸಿಗುತ್ತಿರುವುದು ಇಪ್ಪತ್ತೈದು ಕಿಲೋ ಮಾತ್ರ. ಬಸ್ ನಿಲ್ದಾಣದಿಂದ ಕಾಲೇಜಿಗೆ ನಡೆದು ಬರುವಾಗ ಅವನ ಕಾಲು ಪಟ್ಟ ಶ್ರಮಕ್ಕಿಂತ ಈ 'ವ್ಯಾಯಾಮ' ಹಗುರ! ನೂರಲ್ಲ, ಇನ್ನೂರು ಸಲ ಮಾಡಿದರೂ ಆ ಸ್ನಾಯುವಿಗೆ ಬೆಳೆಯಲು ಕಾರಣವೇ ಸಿಗುವುದಿಲ್ಲ.

ಪಟಪಟನೆ ಮಾಡುವುದರಲ್ಲಿ ಇನ್ನೊಂದು ಮೋಸವಿದೆ. ಮೀನಖಂಡವು ಕೆಳಗೆ ಬರುತ್ತಾ ಕಿರಿದಾಗಿ, ಹಗ್ಗದಂಥ ದಪ್ಪ ರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತದೆ. ಇದೇ ಅಕಿಲಿಸ್ ಸ್ನಾಯುರಜ್ಜು. ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಿನಲ್ಲಿ ಹಿಡಿದರೆ ಅದು ನಿಮ್ಮ ಕೈಗೇ ಸಿಗುತ್ತದೆ. ಈ ರಜ್ಜುವಿಗೆ ಸ್ಪ್ರಿಂಗಿನ ಗುಣವಿದೆ. ಭಾರ ಬಿದ್ದಾಗ ಕೊಂಚ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಮರುಕ್ಷಣವೇ ಅದನ್ನು ಹಿಂದಕ್ಕೆ ಕೊಡುತ್ತದೆ. ಓಡುವವರಿಗೂ ಹಗ್ಗದಾಟ ಆಡುವವರಿಗೂ ಇದು ವರ. ಸ್ನಾಯುವನ್ನು ಬೆಳೆಸಹೊರಟವನಿಗೆ ಮಾತ್ರ ಇದೇ ಅಡ್ಡಿ. ಹಿಮ್ಮಡಿಯನ್ನು ವೇಗವಾಗಿ ಇಳಿಸಿ ಕೂಡಲೇ ಎತ್ತಿದರೆ, ಎತ್ತುವ ಕೆಲಸದ ಒಂದು ಪಾಲನ್ನು ರಜ್ಜುವೇ ಪುಟಿದು ಮಾಡಿಬಿಡುತ್ತದೆ, ಸ್ನಾಯು ಆರಾಮಾಗಿರುತ್ತದೆ. ತಳದಲ್ಲಿ ಎರಡು ಸೆಕೆಂಡು ನಿಂತುಬಿಟ್ಟರೆ ಆ ಪುಟಿತ ಬಹುಮಟ್ಟಿಗೆ ಸತ್ತುಹೋಗುತ್ತದೆ, ಸ್ನಾಯು ತಾನೇ ಎತ್ತಬೇಕಾಗುತ್ತದೆ. ಇದನ್ನು ಈಗಲೇ ಪರೀಕ್ಷಿಸಬಹುದು. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಮೊದಲು ವೇಗವಾಗಿ ಎಷ್ಟು ಸಲ ಎತ್ತಬಲ್ಲಿರಿ ಎಂದು ಎಣಿಸಿ. ಮರುದಿನ ಅದೇ ಕಾಲಿನಲ್ಲಿ, ತಳದಲ್ಲಿ ಪ್ರತಿ ಸಲವೂ ಎರಡು ಸೆಕೆಂಡು ನಿಂತು ಎಣಿಸಿ. ಇಪ್ಪತ್ತೈದು ಎತ್ತುತ್ತಿದ್ದವರು ಹತ್ತಕ್ಕೋ ಹನ್ನೆರಡಕ್ಕೋ ನಿಂತುಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಮಂಡಿ ನೇರವೋ, ಬಾಗಿರಬೇಕೋ?

ನಾವು ಮೀನಖಂಡ ಎಂದು ಒಂದೇ ಹೆಸರಿನಿಂದ ಕರೆಯುವ ಭಾಗದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಚರ್ಮದ ಕೆಳಗೇ, ಒಳಗಡೆಗೊಂದು ಹೊರಗಡೆಗೊಂದು ಉಬ್ಬಾಗಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದರ ಅಡಿಯಲ್ಲಿ ಚಪ್ಪಟೆಯಾಗಿ, ಅಗಲವಾಗಿ ಹರಡಿಕೊಂಡಿರುವುದು ಸೋಲಿಯಸ್. ಎರಡೂ ಕೊನೆಗೆ ಒಂದೇ ಅಕಿಲಿಸ್ ರಜ್ಜುವಿಗೆ ಸೇರುತ್ತವೆ. ಹೆಸರು ಉದ್ದವಾಯಿತು, ಆದ್ದರಿಂದ ಇಲ್ಲಿ ಮೊದಲನೆಯದನ್ನು ಮೇಲಿನ ಸ್ನಾಯು, ಎರಡನೆಯದನ್ನು ಒಳಸ್ನಾಯು ಎಂದು ಕರೆಯೋಣ.

ಇವೆರಡರ ವ್ಯತ್ಯಾಸವಿರುವುದು ಅವು ಹುಟ್ಟುವ ಜಾಗದಲ್ಲಿ. ಒಳಸ್ನಾಯು ಮಂಡಿಯ ಕೆಳಗೆ, ಮೊಣಕಾಲಿನ ಮೂಳೆಗಳಿಂದ ಹೊರಡುತ್ತದೆ. ಹೀಗಾಗಿ ಮಂಡಿ ನೇರವಾಗಿದ್ದರೂ ಬಾಗಿದ್ದರೂ ಅದರ ಉದ್ದ ಬದಲಾಗುವುದಿಲ್ಲ. ಮೇಲಿನ ಸ್ನಾಯು ಹಾಗಲ್ಲ. ಅದು ಮಂಡಿಯನ್ನು ದಾಟಿ ಹೋಗಿ ತೊಡೆಯ ಮೂಳೆಯ ಕೆಳತುದಿಗೆ ಅಂಟಿಕೊಂಡಿದೆ. ಮಂಡಿ ಬಾಗಿಸಿದ ಕೂಡಲೇ ಅದರ ಎರಡು ತುದಿಗಳು ಹತ್ತಿರ ಬರುತ್ತವೆ, ಸ್ನಾಯು ಸಡಿಲವಾಗುತ್ತದೆ. ಬಾವಿಯಿಂದ ನೀರು ಸೇದುವವರಿಗೆ ಇದು ಗೊತ್ತು: ಹಗ್ಗ ಸಡಿಲವಾಗಿರುವಷ್ಟು ಹೊತ್ತು ಎಷ್ಟು ಎಳೆದರೂ ಕೊಡ ಮೇಲೇಳುವುದಿಲ್ಲ. ಸಡಿಲಗೊಂಡ ಸ್ನಾಯುವೂ ಹಾಗೆಯೇ, ಹೆಚ್ಚು ಬಲವನ್ನು ಹುಟ್ಟಿಸಲಾರದು. ಆದ್ದರಿಂದ ಕುರ್ಚಿಯ ಮೇಲೆ ಕುಳಿತು, ಮಂಡಿಯ ಮೇಲೆ ಭಾರವಿಟ್ಟು ಹಿಮ್ಮಡಿ ಎತ್ತಿದಾಗ ಕೆಲಸದ ಬಹುಪಾಲು ಒಳಸ್ನಾಯುವಿನ ಮೇಲೆ ಬೀಳುತ್ತದೆ.

ಇಷ್ಟು ತಿಳಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಿದ್ದರು: ನಿಂತು ಮಾಡಿದರೆ ಮೇಲಿನ ಸ್ನಾಯುವಿಗೆ, ಕುಳಿತು ಮಾಡಿದರೆ ಒಳಸ್ನಾಯುವಿಗೆ, ಎರಡನ್ನೂ ಸಮಸಮವಾಗಿ ಮಾಡಬೇಕು ಎಂದು. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. 2023ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನ ಇದನ್ನು ಬಹಳ ಸರಳವಾಗಿ ಪರೀಕ್ಷಿಸಿತು. ವ್ಯಾಯಾಮದ ಅಭ್ಯಾಸವಿಲ್ಲದ ಹದಿನಾಲ್ಕು ಮಂದಿಯನ್ನು ಆರಿಸಿ, ಪ್ರತಿಯೊಬ್ಬರ ಒಂದು ಕಾಲಿಗೆ ಮಂಡಿ ನೇರವಾಗಿಟ್ಟು, ಇನ್ನೊಂದು ಕಾಲಿಗೆ ಮಂಡಿ ಬಾಗಿಸಿ ತರಬೇತಿ ಕೊಟ್ಟರು. ವಾರಕ್ಕೆ ಎರಡು ದಿನ, ಹನ್ನೆರಡು ವಾರ. ಒಂದೇ ದೇಹ, ಒಂದೇ ಊಟ, ಒಂದೇ ನಿದ್ದೆ, ಬೇರೆಯಾದದ್ದು ಮಂಡಿಯ ಕೋನ ಮಾತ್ರ. ಕೊನೆಯಲ್ಲಿ ಅಳೆದಾಗ, ನೇರ ಮಂಡಿಯ ಕಾಲಿನಲ್ಲಿ ಮೇಲಿನ ಸ್ನಾಯುವಿನ ಒಳಭಾಗ ಶೇ. 9ರಷ್ಟು, ಹೊರಭಾಗ ಶೇ. 12ರಷ್ಟು ಬೆಳೆದಿದ್ದವು. ಬಾಗಿದ ಮಂಡಿಯ ಕಾಲಿನಲ್ಲಿ ಅವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಕುತೂಹಲದ ಸಂಗತಿಯೆಂದರೆ ಒಳಸ್ನಾಯು ಎರಡೂ ಕಾಲಿನಲ್ಲಿ ಸುಮಾರು ಒಂದೇ ಸಮ, ಶೇ. 2ರಿಂದ 3ರಷ್ಟು ಬೆಳೆದಿತ್ತು. ಅಂದರೆ ನಿಂತು ಮಾಡುವಾಗ ಒಳಸ್ನಾಯುವೂ ಜೊತೆಗೆ ದುಡಿದಿತ್ತು, ಕುಳಿತು ಮಾಡಿದ್ದರಿಂದ ಅದಕ್ಕೆ ವಿಶೇಷ ಲಾಭವೇನೂ ಆಗಲಿಲ್ಲ.

ಒಳಸ್ನಾಯು ಅಷ್ಟು ಕಡಿಮೆ ಬೆಳೆದದ್ದೇಕೆ? ಅದು ನಮ್ಮನ್ನು ನೆಟ್ಟಗೆ ನಿಲ್ಲಿಸುವ ಸ್ನಾಯು. ನಾವು ನಿಂತಿರುವಷ್ಟೂ ಹೊತ್ತು ಅದು ಮೆಲ್ಲಗೆ ಬಿಗಿದುಕೊಂಡೇ ಇರುತ್ತದೆ. ಅದರ ಎಳೆಗಳಲ್ಲಿ ಬಹುಪಾಲು ನಿಧಾನ ಬಗೆಯವು, ಬೇಗ ದಣಿಯದ, ಬೇಗ ದಪ್ಪವಾಗದ ಎಳೆಗಳು. ಮದುವೆಮನೆಯಲ್ಲಿ ಹಗಲೆಲ್ಲ ನಿಂತು ಬಡಿಸುವ ಮನುಷ್ಯನಿಗೆ ಇನ್ನೆರಡು ಪಂಕ್ತಿ ಹೆಚ್ಚಾದರೆ ಏನೂ ಅನ್ನಿಸುವುದಿಲ್ಲವಷ್ಟೆ, ಹಾಗೆ.

ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಇದರಿಂದ ತೆಗೆದುಕೊಳ್ಳಬೇಕಾದ ನಿರ್ಧಾರ ಸ್ಪಷ್ಟ. ಸಮಯ ಕಡಿಮೆ ಇದ್ದರೆ ಮಂಡಿ ನೇರವಾಗಿಟ್ಟು ಮಾಡುವುದೊಂದೇ ಸಾಕು. ದೂರ ಓಡುವವರು, ಕಬಡ್ಡಿ, ಖೋ ಖೋ ಆಡುವವರು ಬಾಗಿದ ಮಂಡಿಯದನ್ನೂ ಸೇರಿಸಿಕೊಳ್ಳಲಿ. ಓಟದಲ್ಲಿ ಪಾದ ನೆಲಕ್ಕೆ ತಾಗಿದಾಗ ಮಂಡಿ ಬಾಗಿಯೇ ಇರುತ್ತದೆ, ಆಗ ಒಳಸ್ನಾಯುವಿನ ಮೇಲೆ ದೊಡ್ಡ ಭಾರ ಬೀಳುತ್ತದೆ, ಅದಕ್ಕೆ ಬಲ ಬೇಕು. ಬಲ ಬೇರೆ, ಗಾತ್ರ ಬೇರೆ. ಗರಡಿಮನೆಯಲ್ಲಿ ಹಿಮ್ಮಡಿ ಎತ್ತಿಕೊಂಡು ಬಸ್ಕಿ ಹೊಡೆಯುವವರು ತಿಳಿದೋ ತಿಳಿಯದೆಯೋ ಬಾಗಿದ ಮಂಡಿಯ ಈ ಕೆಲಸವನ್ನೇ ಮಾಡಿಕೊಂಡು ಬಂದಿದ್ದಾರೆ.

ಕೆಳಗಿನ ಅರ್ಧವೇ ಅಸಲಿ ಅರ್ಧ

ಈಗ ಎರಡನೆಯ ಪ್ರಶ್ನೆ. ಹಿಮ್ಮಡಿಯನ್ನು ಎಷ್ಟು ಎತ್ತರಕ್ಕೆ ಎತ್ತಬೇಕು, ಎಷ್ಟು ಕೆಳಕ್ಕೆ ಇಳಿಸಬೇಕು? ಸಮತಟ್ಟಾದ ನೆಲದ ಮೇಲೆ ನಿಂತವನ ಹಿಮ್ಮಡಿ ನೆಲಕ್ಕೆ ತಾಗಿ ನಿಂತುಬಿಡುತ್ತದೆ. ಅದರ ಕೆಳಗಿನ ಚಲನೆ ಅವನಿಗೆ ಸಿಗುವುದೇ ಇಲ್ಲ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನು ಮಾತ್ರ ಊರಿ ನಿಂತರೆ, ಹಿಮ್ಮಡಿ ಮೆಟ್ಟಿಲಿನ ಮಟ್ಟದಿಂದ ಇನ್ನೂ ಎರಡು ಮೂರು ಅಂಗುಲ ಕೆಳಗೆ ಇಳಿಯುತ್ತದೆ. ಮೀನಖಂಡ ಪೂರ್ತಿ ಹಿಗ್ಗುವುದು ಅಲ್ಲಿ.

ಈ ಹಿಗ್ಗಿದ ಸ್ಥಿತಿಯಲ್ಲಿ ಭಾರ ಹೊರುವುದು ಎಷ್ಟು ಮುಖ್ಯ ಎಂಬುದಕ್ಕೆ ಬ್ರೆಜಿಲಿನಲ್ಲಿ ನಡೆದು, ಅದೇ 2023ರಲ್ಲಿ ಅಚ್ಚಾದ ಇನ್ನೊಂದು ಅಧ್ಯಯನ ಉತ್ತರ ಕೊಡುತ್ತದೆ. ಯುವತಿಯರನ್ನು ಗುಂಪು ಮಾಡಿ, ಒಂದು ಗುಂಪಿಗೆ ಚಲನೆಯ ಕೆಳಗಿನ ಅರ್ಧವನ್ನಷ್ಟೇ, ಒಂದಕ್ಕೆ ಮೇಲಿನ ಅರ್ಧವನ್ನಷ್ಟೇ, ಇನ್ನೊಂದಕ್ಕೆ ಪೂರ್ತಿ ಚಲನೆಯನ್ನು ವಾರಕ್ಕೆ ಮೂರು ದಿನದಂತೆ ಎಂಟು ವಾರ ಮಾಡಿಸಿದರು. ಮೇಲಿನ ಸ್ನಾಯುವಿನ ಒಳಭಾಗ ಕೆಳಗಿನ ಅರ್ಧ ಮಾಡಿದವರಲ್ಲಿ ಸುಮಾರು ಶೇ. 15ರಷ್ಟು, ಪೂರ್ತಿ ಮಾಡಿದವರಲ್ಲಿ ಶೇ. 7ರಷ್ಟು, ಮೇಲಿನ ಅರ್ಧ ಮಾಡಿದವರಲ್ಲಿ ಶೇ. 3ರಷ್ಟು ದಪ್ಪವಾಗಿತ್ತು. ತುದಿಗಾಲಿನ ಮೇಲೆ ನಿಂತು ಬಿಗಿಹಿಡಿದು, ಸ್ನಾಯು ಕಲ್ಲಿನಂತಾಯಿತೆಂದು ಸಂತೋಷಪಡುವವರು ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ಎರಡು ಅಧ್ಯಯನಗಳಿಂದ ಎಲ್ಲವೂ ಇತ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಎರಡೂ ಕೆಲವೇ ವಾರಗಳ, ಹೊಸಬರ ಮೇಲೆ ನಡೆದ ಪರೀಕ್ಷೆಗಳು. ಆದರೆ ಎರಡೂ ತೋರಿಸುವ ದಿಕ್ಕು ಒಂದೇ. ಮೇಲಿನ ಸ್ನಾಯು ಹಿಗ್ಗಿರುವಾಗ ದುಡಿದರೆ ಬೆಳೆಯುತ್ತದೆ. ಮಂಡಿ ನೇರವಾಗಿಡುವುದು ಅದನ್ನು ಮೇಲಿನ ತುದಿಯಿಂದ ಹಿಗ್ಗಿಸುತ್ತದೆ, ಹಿಮ್ಮಡಿ ಇಳಿಸುವುದು ಕೆಳಗಿನ ತುದಿಯಿಂದ ಹಿಗ್ಗಿಸುತ್ತದೆ.

ಹಾಗಾದರೆ ಭಾರವಿಲ್ಲದೆ, ಗೋಡೆ ತಳ್ಳಿ ನಿಂತು ಮೀನಖಂಡವನ್ನು ಎಳೆಸಿಕೊಂಡರೆ ಸಾಲದೆ ಎಂದು ನೀವು ಕೇಳಬಹುದು. ಜರ್ಮನಿಯಲ್ಲಿ ಇದನ್ನೂ ನೋಡಿದ್ದಾರೆ. ಪಾದವನ್ನು ಒಂದು ಪಟ್ಟಿಯಲ್ಲಿ ಬಿಗಿದು ದಿನಕ್ಕೆ ಒಂದು ಗಂಟೆಯಂತೆ ಆರು ವಾರ ಎಳೆಸಿದಾಗ ಸ್ನಾಯು ನಿಜವಾಗಿಯೂ ದಪ್ಪವಾಯಿತು. ದಿನಕ್ಕೆ ಒಂದು ಗಂಟೆ, ಅದೂ ನೋವಾಗುವಷ್ಟು! ಆಟಕ್ಕೆ ಮೊದಲು ಅರ್ಧ ನಿಮಿಷ ಗೋಡೆ ತಳ್ಳುವುದರಿಂದ ಆ ಫಲ ಸಿಗದು. ಗೋಡೆ ತಳ್ಳುವ ಅಭ್ಯಾಸಕ್ಕೆ ಬೇರೆ ಉಪಯೋಗವಿದೆ. ಪಾದದ ಕೀಲು ಬಿಗಿಯಾಗಿರುವವರ ಹಿಮ್ಮಡಿ ಮೆಟ್ಟಿಲಿನಿಂದ ಕೆಳಗೆ ಇಳಿಯುವುದೇ ಇಲ್ಲ. ಅಂಥವರು ದಿನಕ್ಕೆ ಎರಡು ಮೂರು ಸಲ, ಒಂದೊಂದು ಕಾಲನ್ನು ಮುಕ್ಕಾಲು ನಿಮಿಷದಷ್ಟು, ಮಂಡಿ ನೇರವಾಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ ಎಳೆಸಿಕೊಂಡರೆ ಕೆಲವು ವಾರಗಳಲ್ಲಿ ಕೀಲು ಸಡಿಲವಾಗುತ್ತದೆ.

ಒಂದು ಎತ್ತು ಎಂದರೆ ಏನು?

ಗೋಡೆಯೋ ಕಂಬಿಯೋ ಕೈಗೆ ಸಿಗುವ, ಅಲುಗಾಡದ ಮೆಟ್ಟಿಲನ್ನು ಆರಿಸಿಕೊಳ್ಳಿ. ಹವಾಯಿ ಚಪ್ಪಲಿ ಬೇಡ, ಅದು ಜಾರುತ್ತದೆ. ಬರಿಗಾಲು ಅಥವಾ ತೆಳು ತಳದ ಕ್ಯಾನ್ವಾಸ್ ಶೂ ಒಳ್ಳೆಯದು. ಪಾದದ ಮುಂಭಾಗ, ಅಂದರೆ ಬೆರಳುಗಳ ಬುಡದ ದಪ್ಪ ಭಾಗ, ಪೂರ್ತಿಯಾಗಿ ಮೆಟ್ಟಿಲಿನ ಮೇಲಿರಲಿ. ಬೆರಳುಗಳನ್ನಷ್ಟೇ ಊರಿದರೆ ಬೆರಳು ದಣಿಯುತ್ತದೆಯೇ ಹೊರತು ಮೀನಖಂಡವಲ್ಲ. ಇನ್ನೊಂದು ಕಾಲನ್ನು ಹಿಂದಕ್ಕೆ ಮಡಿಸಿಕೊಳ್ಳಿ. ಗೋಡೆಗೆ ತಾಗಿದ ಕೈ ತೂಗಾಟ ತಪ್ಪಿಸಲು ಮಾತ್ರ, ದೇಹವನ್ನು ಎತ್ತಲು ಅಲ್ಲ. ಎರಡು ಬೆರಳು ತಾಗಿಸಿದರೆ ಸಾಕು.

ಈಗ ಹಿಮ್ಮಡಿಯನ್ನು ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಸಿ. ತಳ ಮುಟ್ಟಿದಾಗ, ಮೀನಖಂಡದಲ್ಲಿ ಎಳೆತ ತಿಳಿಯುವಲ್ಲಿ, ಎರಡು ಎಣಿಸುವವರೆಗೆ ನಿಲ್ಲಿ. ಅನಂತರ ಕುಲುಕದೆ ಮೇಲಕ್ಕೆ ಏರಿ. ಏರುವಾಗ ಭಾರ ಹೆಬ್ಬೆರಳಿನ ಬುಡದ ಕಡೆಗಿರಲಿ. ಕಿರುಬೆರಳಿನ ಕಡೆ ವಾಲಿದರೆ ಪಾದದ ಕೀಲು ಉಳುಕುವ ಭಯವಿದೆ. ಮೇಲೆ ಒಂದು ಕ್ಷಣ ನಿಂತು ಮತ್ತೆ ಇಳಿಯಿರಿ. ಹೀಗೆ ಒಂದು ಎತ್ತಿಗೆ ಏಳೆಂಟು ಸೆಕೆಂಡು ಹಿಡಿಯುತ್ತದೆ. ಹತ್ತು ಎತ್ತುಗಳ ಒಂದು ಸುತ್ತು ಒಂದು ನಿಮಿಷವನ್ನು ದಾಟಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿದರೆ ನೀವು ಸ್ಪ್ರಿಂಗಿನ ಸಹಾಯ ಪಡೆದಿದ್ದೀರಿ ಎಂದೇ ಅರ್ಥ.

ದಣಿವು ಬಂದಾಗ ಕಾಲು ಮೋಸ ಮಾಡುವ ಬಗೆ ಒಂದಿದೆ, ಅದನ್ನು ಗೆಳೆಯನೊಬ್ಬ ಪಕ್ಕದಿಂದ ನೋಡಿ ಹೇಳಿದರೆ ಒಳ್ಳೆಯದು. ತಳದಲ್ಲಿ ಮಂಡಿ ಮೆಲ್ಲಗೆ ಬಾಗುತ್ತದೆ, ಏರುವಾಗ ತೊಡೆ ಅದನ್ನು ನೆಟ್ಟಗೆ ಮಾಡಿ ದೇಹವನ್ನು ಮೇಲಕ್ಕೆ ತಳ್ಳುತ್ತದೆ. ನೋಡುವವನಿಗೆ ತಲೆ ಮೇಲೆ ಹೋದದ್ದು ಕಾಣುತ್ತದೆ, ಹಿಮ್ಮಡಿ ಮಾತ್ರ ಅಷ್ಟು ಏರಿರುವುದಿಲ್ಲ. ಹಾಗೆ ಮಾಡಿದ ಎತ್ತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೂರ್ತಿ ಮೇಲಕ್ಕೆ ಏರಲಾರದಷ್ಟು ಕಾಲು ಸೋತಾಗ, ಮಂಡಿ ನೇರವಾಗಿಯೇ ಇಟ್ಟುಕೊಂಡು, ತಳದಿಂದ ಅರ್ಧದವರೆಗೆ ಇನ್ನು ನಾಲ್ಕೈದು ಸಲ ಏರಿದರೆ ಆ ಸುತ್ತು ಸಾರ್ಥಕ. ಮೇಲೆ ಹೇಳಿದ ಕೆಳಗಿನ ಅರ್ಧ ಇಲ್ಲಿ ಕೆಲಸಕ್ಕೆ ಬರುತ್ತದೆ.

ಬಾಗಿದ ಮಂಡಿಯ ಎತ್ತಿಗೆ ಗಟ್ಟಿ ಕುರ್ಚಿ, ಪಾದದಡಿಗೆ ಒಂದು ಇಟ್ಟಿಗೆ ಅಥವಾ ಹಲಗೆ, ತೊಡೆಯ ಮೇಲೆ ಮಂಡಿಗೆ ಹತ್ತಿರವಾಗಿ ಅಕ್ಕಿಯ ಚೀಲದಂಥ ಒಂದು ಭಾರ ಸಾಕು. ಅಡಿಗೆ ಮಡಿಚಿದ ಟವೆಲ್ ಇದ್ದರೆ ಒತ್ತುವುದಿಲ್ಲ. ಉಳಿದ ನಿಯಮವೆಲ್ಲ ಅದೇ. ಈ ಸ್ನಾಯು ಬೇಗ ದಣಿಯದ ಕಾರಣ ಇಲ್ಲಿ ಹದಿನೈದರಿಂದ ಇಪ್ಪತ್ತು ಎತ್ತುಗಳನ್ನು ಇಟ್ಟುಕೊಳ್ಳಬಹುದು.

ವಾರಕ್ಕೆ ಎಷ್ಟು ದಿನ?

ಮೀನಖಂಡ ಗಟ್ಟಿ ಸ್ನಾಯು, ದಿನಾ ಮಾಡಿದರೂ ಸರಿ ಎಂದು ಕೆಲವರು ಹೇಳುತ್ತಾರೆ. ವಾರಕ್ಕೆ ಒಂದೇ ದಿನ ಜಿಮ್‌ನಲ್ಲಿ ಕೊನೆಯ ಐದು ನಿಮಿಷ ಕೊಟ್ಟು ಮನೆಗೆ ಹೋಗುವವರು ಇನ್ನು ಕೆಲವರು. ಎರಡೂ ಅತಿ. ವಾರದಲ್ಲಿ ಒಟ್ಟು ಎಷ್ಟು ಪ್ರಾಮಾಣಿಕ ಸುತ್ತುಗಳಾದವು ಎಂಬುದೇ ಮುಖ್ಯ. ಒಂದೇ ದಿನ ಒಂಬತ್ತು ಸುತ್ತು ಮಾಡಹೊರಟರೆ ಐದನೆಯದರಿಂದಾಚೆಗೆ ಎತ್ತುಗಳು ಗಿಡ್ಡವಾಗುತ್ತವೆ. ಅದನ್ನೇ ಮೂರು ದಿನಕ್ಕೆ ಹಂಚಿದರೆ ಒಂಬತ್ತೂ ಚೆನ್ನಾಗಿ ಆಗುತ್ತವೆ. ಸೋಮವಾರ, ಬುಧವಾರ, ಶುಕ್ರವಾರ ಎಂದು ಗೊತ್ತುಮಾಡಿಕೊಳ್ಳಿ. ನಡುವೆ ಒಂದೊಂದು ದಿನ ಬಿಡುವುದು ಸ್ನಾಯುವಿಗಿಂತ ಹೆಚ್ಚಾಗಿ ರಜ್ಜುವಿಗಾಗಿ. ಮುಂಗಾಲಿನಿಂದ ಪಾದದ ಕೀಲಿಗಿರುವ ದೂರ, ಕೀಲಿನಿಂದ ಹಿಮ್ಮಡಿಯ ತುದಿಗಿರುವ ದೂರದ ಎರಡು ಪಟ್ಟಿಗಿಂತ ಹೆಚ್ಚು. ಸನ್ನೆಕೋಲಿನ ಲೆಕ್ಕ ತಿಳಿದವರಿಗೆ ಮುಂದಿನದು ಹೊಳೆದಿರುತ್ತದೆ: ಒಂದೇ ಕಾಲಿನ ಮೇಲೆ ಎದ್ದಾಗ ಆ ರಜ್ಜುವಿನ ಮೇಲೆ ಬೀಳುವ ಎಳೆತ ದೇಹದ ತೂಕದ ಎರಡು ಪಟ್ಟನ್ನು ಮೀರುತ್ತದೆ. ರಕ್ತಸಂಚಾರ ಕಡಿಮೆಯಿರುವ ಈ ಭಾಗ ಹೊಸ ಭಾರಕ್ಕೆ ಹೊಂದಿಕೊಳ್ಳಲು ಸ್ನಾಯುವಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ.

ಮೊದಲ ವಾರ ಎರಡೇ ಸುತ್ತು ಮಾಡಿ. ಹೀಗೆ ತಳದಲ್ಲಿ ನಿಂತು ಮಾಡಿದ ಮರುದಿನ, ಅದರ ಮರುದಿನ ಮೀನಖಂಡ ಚೆನ್ನಾಗಿ ನೋಯುತ್ತದೆ, ಮೆಟ್ಟಿಲು ಇಳಿಯುವಾಗ ನಗು ಬರುವ ಹಾಗೆ ನಡೆಯಬೇಕಾಗುತ್ತದೆ. ಇದು ಸ್ನಾಯುವಿನ ಹೊಟ್ಟೆಯಲ್ಲಿ ಹರಡಿಕೊಂಡಿರುವ ನೋವು, ಮೂರು ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ. ಬೇರೆ ಬಗೆಯ ನೋವನ್ನು ಮಾತ್ರ ಗುರುತಿಸಲು ಕಲಿಯಬೇಕು. ಹಿಮ್ಮಡಿಯಿಂದ ಎರಡು ಅಂಗುಲ ಮೇಲೆ ರಜ್ಜುವಿನಲ್ಲೇ ನೋವಿದ್ದು, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಬಿಗಿ ಕಾಣಿಸಿಕೊಂಡರೆ, ನೀವು ರಜ್ಜುವಿನ ತಾಳಿಕೆಗಿಂತ ವೇಗವಾಗಿ ಹೋಗುತ್ತಿದ್ದೀರಿ. ಆಗ ಮೆಟ್ಟಿಲನ್ನು ಬಿಟ್ಟು ಸಮ ನೆಲದಲ್ಲಿ, ಎರಡು ಕಾಲಿನಲ್ಲಿ, ನಿಧಾನವಾಗಿ ಮಾಡಿ. ಬೆಳಗಿನ ಬಿಗಿ ಹೋದ ಮೇಲೆ ಹಿಂದಿರುಗಿ. 'ಟಪ್' ಎಂದು ಏನೋ ಕಡಿದಂತಾಗಿ ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ, ಅಥವಾ ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ, ಅದು ವ್ಯಾಯಾಮದ ನೋವಲ್ಲ. ಅಂದೇ ವೈದ್ಯರ ಬಳಿ ಹೋಗಬೇಕು.

ಟೇಪು ಹೇಳುವುದು, ಟೇಪು ಹೇಳದಿರುವುದು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಿ.ಯು.ಸಿ. ಎರಡನೆಯ ವರ್ಷದ ಹುಡುಗ, ತೂಕ 52 ಕಿಲೋ. ಮೊದಲ ದಿನ ಅವನು ಎರಡು ಕೆಲಸ ಮಾಡುತ್ತಾನೆ. ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ತೆಗೆಯುತ್ತಾನೆ: 33 ಸೆಂಟಿಮೀಟರ್. ಬೆಳಿಗ್ಗೆ, ಎರಡೂ ಪಾದಗಳ ಮೇಲೆ ಸಮನಾಗಿ ನಿಂತು, ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದೆ ಎಂಬುದನ್ನೂ ಬರೆದಿಡುತ್ತಾನೆ. ಸಂಜೆಯ ಹೊತ್ತಿಗೆ ಕಾಲು ತುಸು ಊದಿಕೊಂಡಿರುತ್ತದೆ, ವ್ಯಾಯಾಮದ ಬೆನ್ನಿಗೇ ಅಳೆದರೆ ಇನ್ನೂ ಹೆಚ್ಚು, ಆದ್ದರಿಂದ ಹೊತ್ತು ಒಂದೇ ಇರಬೇಕು. ಎರಡನೆಯದಾಗಿ, ಮೇಲೆ ಹೇಳಿದ ಕ್ರಮದಲ್ಲಿ ಎಡಗಾಲಿನಿಂದ ಎಷ್ಟು ಎತ್ತು ಸಾಧ್ಯವೆಂದು ನೋಡುತ್ತಾನೆ: ಒಂಬತ್ತು. ಬಲಗಾಲು ಹನ್ನೊಂದು. ಕಡಿಮೆ ಇರುವ ಕಾಲಿನಿಂದಲೇ ಆರಂಭಿಸಿ, ಬಲಗಾಲಿಗೂ ಅಷ್ಟನ್ನೇ ಮಾಡಿಸುತ್ತಾನೆ.

ಮೊದಲ ಎರಡು ವಾರ ಎರಡೆರಡು ಸುತ್ತು, ಅನಂತರ ಮೂರು. ಸುತ್ತಿನ ನಡುವೆ ಒಂದೂವರೆ ಎರಡು ನಿಮಿಷ ವಿಶ್ರಾಂತಿ. ನಾಲ್ಕನೆಯ ವಾರದ ಹೊತ್ತಿಗೆ ಅವನ ನೋಟ್‌ಬುಕ್ಕಿನಲ್ಲಿ 12, 10, 9 ಎಂದಿರುತ್ತದೆ. ಏಳನೆಯ ವಾರದಲ್ಲಿ ಮೂರೂ ಸುತ್ತು ಹದಿನೈದು ಮುಟ್ಟುತ್ತವೆ. ಆಗ ಕಾಲೇಜು ಬ್ಯಾಗಿನಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ನಾಲ್ಕನ್ನು ಇಟ್ಟು ಬೆನ್ನಿಗೆ ಹಾಕಿಕೊಳ್ಳುತ್ತಾನೆ. ಒಂದು ಲೀಟರ್ ನೀರು ಒಂದು ಕಿಲೋ, ತಕ್ಕಡಿ ಬೇಕಾಗಿಲ್ಲ. ಎತ್ತುಗಳು ಮತ್ತೆ ಹತ್ತು, ಹನ್ನೊಂದಕ್ಕೆ ಇಳಿಯುತ್ತವೆ. ಅದು ಹಿನ್ನಡೆಯಲ್ಲ, ಭಾರ 52ರಿಂದ 56 ಆಯಿತಷ್ಟೆ. ಮತ್ತೆ ಹದಿನೈದು ಮುಟ್ಟಿದಾಗ ಎರಡು ಬಾಟಲಿ ಸೇರಿಸುತ್ತಾನೆ.

ಹನ್ನೆರಡು ವಾರ ಮುಗಿದ ದಿನ ಟೇಪು ಹಿಡಿದಾಗ ಅದು 33.5 ಎನ್ನಬಹುದು. ಇಷ್ಟೇನಾ ಎಂದು ಅವನ ಮುಖ ಬಾಡುತ್ತದೆ. ಇಲ್ಲಿ ಎರಡು ಮಾತು ಹೇಳಬೇಕು. ಎಚ್ಚರಿಕೆಯಿಂದ ಅಳೆದರೂ ಟೇಪಿನಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಆದ್ದರಿಂದ ವಾರವಾರ ಅಳೆಯುವುದು ವ್ಯರ್ಥ, ತಿಂಗಳಿಗೊಮ್ಮೆ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಇನ್ನೊಂದು ರೇಖಾಗಣಿತದ ಮಾತು. ಸುತ್ತಳತೆ 33 ಇರುವ ವೃತ್ತದ ವಿಸ್ತೀರ್ಣ ಸುಮಾರು 87 ಚದರ ಸೆಂಟಿಮೀಟರ್. ಅದು 34 ಆದಾಗ ವಿಸ್ತೀರ್ಣ 92 ಆಗುತ್ತದೆ. ಸುತ್ತಳತೆ ಶೇ. 3 ಹೆಚ್ಚಿದರೆ ಒಳಗಿನ ಮಾಂಸ ಶೇ. 6ರಷ್ಟು ಹೆಚ್ಚಿರಬೇಕು. ಆ ವೃತ್ತದೊಳಗೆ ಬೆಳೆಯದ ಮೂಳೆಯೂ ಇದೆ, ಕೊಬ್ಬೂ ಇದೆ. ಹಾಗಾಗಿ ಸ್ನಾಯುವಿನ ಪಾಲಿನ ಬೆಳವಣಿಗೆ ಅದಕ್ಕಿಂತಲೂ ಹೆಚ್ಚೇ. ಇಡೀ ವರ್ಷಕ್ಕೆ ಒಂದು, ಒಂದೂವರೆ ಸೆಂಟಿಮೀಟರ್ ಬಂದರೆ ಅದು ಒಳ್ಳೆಯ ಫಲ. ಹದಿನೇಳರ ವಯಸ್ಸಿನಲ್ಲಿ ಮೈತೂಕವೇ ಏರುತ್ತಿರುತ್ತದೆ, ಆದ್ದರಿಂದ ತೂಕವನ್ನೂ ಪಕ್ಕದಲ್ಲಿ ಬರೆದಿಟ್ಟರೆ ಯಾವುದು ಯಾವುದರಿಂದ ಬಂತೆಂದು ಗೊಂದಲವಾಗುವುದಿಲ್ಲ.

ಇನ್ನು ಆರಂಭದಲ್ಲಿ ಬಿಟ್ಟ ವಂಶದ ಮಾತು. ತುದಿಗಾಲಿನ ಮೇಲೆ ನಿಂತು ಕನ್ನಡಿಯಲ್ಲಿ ನೋಡಿಕೊಳ್ಳಿ. ಕೆಲವರಲ್ಲಿ ಸ್ನಾಯುವಿನ ಉಬ್ಬು ಕಾಲಿನ ನಡುಭಾಗದವರೆಗೂ ಇಳಿದಿರುತ್ತದೆ, ಕೆಲವರಲ್ಲಿ ಮೇಲೆಯೇ ನಿಂತು ಕೆಳಗೆ ಉದ್ದನೆಯ ರಜ್ಜು ಇರುತ್ತದೆ. ಸ್ನಾಯು ಮುಗಿದು ರಜ್ಜು ಆರಂಭವಾಗುವ ಈ ಗೆರೆ ಹುಟ್ಟಿನಿಂದ ಬಂದದ್ದು, ಯಾವ ವ್ಯಾಯಾಮವೂ ಅದನ್ನು ಕೆಳಗಿಳಿಸಲಾರದು. ಗೆರೆ ಮೇಲಿರುವವರ ಸ್ನಾಯು ದಪ್ಪವಾಗುತ್ತದೆ, ಬಲವಾಗುತ್ತದೆ, ಆದರೆ ಕೆಳಗಿನ ಅರ್ಧ ತೆಳ್ಳಗೇ ಕಾಣುತ್ತದೆ. ಗೆಳೆಯನ ಕಾಲಿನ ಆಕಾರಕ್ಕೆ ಹೋಲಿಸಿ ನೋಡುವುದರಿಂದ ಇಂಥವರಿಗೆ ಯಾವ ಮಾಹಿತಿಯೂ ಸಿಗುವುದಿಲ್ಲ, ಹೋಲಿಸಬೇಕಾದದ್ದು ಅವರದೇ ಹಿಂದಿನ ತಿಂಗಳ ಪುಟಕ್ಕೆ.

ಆ ಪುಟದಲ್ಲಿ ಟೇಪಿನ ಅಳತೆಗಿಂತ ಮೊದಲು ಮಾತಾಡುವುದು ಎತ್ತಿನ ಸಂಖ್ಯೆ. ಆರು ವಾರವಾದರೂ ಒಂಬತ್ತು ಒಂಬತ್ತಾಗಿಯೇ ಉಳಿದಿದ್ದರೆ ಕಾರಣ ಹುಡುಕಬೇಕು, ಅದು ಹೆಚ್ಚಾಗಿ ಮೂರು ಕಡೆ ಸಿಗುತ್ತದೆ. ವಾರಕ್ಕೆ ಮೂರು ದಿನವೆಂದು ಬರೆದು ನಿಜದಲ್ಲಿ ಒಂದೇ ದಿನ ಆಗಿರುತ್ತದೆ. ಅಥವಾ ಪ್ರತಿ ಸುತ್ತನ್ನೂ ಇನ್ನೂ ಆರೇಳು ಎತ್ತು ಸಾಧ್ಯವಿರುವಾಗಲೇ, ಮೊದಲ ಉರಿ ಕಾಣಿಸಿದ ಕೂಡಲೇ ನಿಲ್ಲಿಸಿರುತ್ತಾರೆ. ಮೀನಖಂಡ ಬೇಗ ಉರಿಯುತ್ತದೆ, ಆದರೆ ಆ ಉರಿ ಬಂದ ಮೇಲೂ ಅದು ಬಹಳ ಎತ್ತಬಲ್ಲದು. ಇವೆರಡೂ ಅಲ್ಲವಾದರೆ ಊಟವನ್ನು ನೋಡಬೇಕು. ಹಾಸ್ಟೆಲಿನ ಅನ್ನ, ತಿಳಿಸಾರಿನ ಜೊತೆಗೆ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಇವುಗಳಲ್ಲಿ ಒಂದಾದರೂ ಪ್ರತಿ ಹೊತ್ತಿಗೂ ಇದೆಯೇ ಎಂದು ಒಂದು ವಾರ ಬರೆದಿಟ್ಟರೆ ಗೊತ್ತಾಗುತ್ತದೆ.